ಬಲಕ್ಕೆ ಸರಿಯುವ ಗೆರೆ

ಫಾರ್ಮಸಿ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಚಿತ್ರವೊಂದಿದೆ: ಓರೆಯಾಗಿ ಎಳೆದ ಎಸ್ ಅಕ್ಷರದಂಥ ಎರಡು ಗೆರೆಗಳು. ಅಡ್ಡಕ್ಕೆ ಔಷಧದ ಪ್ರಮಾಣ, ಲಾಗ್ ಅಳತೆಯಲ್ಲಿ. ಲಂಬಕ್ಕೆ ಅದರ ಪರಿಣಾಮ.

ಗಿನಿಪಿಗ್‌ನ ಸಣ್ಣಕರುಳಿನ ತುಂಡನ್ನು ಬೆಚ್ಚಗಿನ ಲವಣದ್ರಾವಣದಲ್ಲಿ ತೂಗುಬಿಟ್ಟು ಹಿಸ್ಟಮಿನ್ ಸೇರಿಸಿದರೆ ಅದು ಸಂಕುಚಿಸುತ್ತದೆ. ಗ್ರಾಹಕಕ್ಕೆ ಅಂಟಿ ಕೆಲಸ ಮಾಡಿಸುವ ಹಿಸ್ಟಮಿನ್ ಇಲ್ಲಿ ಅಗೊನಿಸ್ಟ್. ಮೆಪಿರಮಿನ್ ಆಂಟಗೊನಿಸ್ಟ್: ಅದೇ ಜಾಗ ಹಿಡಿಯುತ್ತದೆ, ಆದರೆ ಸಂಕುಚನ ಮಾಡಿಸುವುದಿಲ್ಲ. ಹಿಸ್ಟಮಿನ್ ಹೆಚ್ಚಿಸುತ್ತ ಹೋದರೆ ಮೆಪಿರಮಿನ್ ಜಾಗ ಬಿಟ್ಟುಕೊಡಲೇಬೇಕು. ಹಾಗಾಗಿ ಗೆರೆ ಬಲಕ್ಕೆ ಸರಿಯುತ್ತದೆ, ಎತ್ತರ ಮಾತ್ರ ತಗ್ಗುವುದಿಲ್ಲ.

ಎಷ್ಟು ಸರಿಯುತ್ತದೆ? ಅರ್ಧ ಪರಿಣಾಮಕ್ಕೆ 200 ನ್ಯಾನೊಮೋಲಾರ್ ಹಿಸ್ಟಮಿನ್ ಸಾಕಿತ್ತು ಎನ್ನೋಣ. ಅರ್ಧದಷ್ಟು ಗ್ರಾಹಕಗಳನ್ನು ಹಿಡಿಯಲು 1 ನ್ಯಾನೊಮೋಲಾರ್ ಬೇಕಾಗುವ ಮೆಪಿರಮಿನ್ ಅನ್ನು 9 ನ್ಯಾನೊಮೋಲಾರ್ ಹಾಕಿದ್ದೇವೆ. 9ನ್ನು 1ರಿಂದ ಭಾಗಿಸಿ ಒಂದು ಕೂಡಿಸಿದರೆ 10. ಇನ್ನು ಬೇಕಾಗುವುದು ಹತ್ತು ಪಟ್ಟು, 2,000 ನ್ಯಾನೊಮೋಲಾರ್. ಆ ಒಂದನ್ನು ಕೂಡಿಸಲು ಮರೆತವರು 1,800 ಎಂದು ಬರೆದುಬಿಡುತ್ತಾರೆ.

ನನಗೆ ಬಲು ಇಷ್ಟವಾದ ಪ್ರಶ್ನೆ ಬೇರೆಯೇ ಇದೆ. ಫಿನಾಕ್ಸಿಬೆಂಝಮಿನ್ ಗ್ರಾಹಕವನ್ನು ಬಿಡಿಸಲಾಗದಂತೆ ಕಚ್ಚಿಕೊಳ್ಳುತ್ತದೆ. ಆಗ ಎತ್ತರ ಕುಸಿಯಬೇಕು, ಪುಸ್ತಕವೂ ಹಾಗೇ ಹೇಳುತ್ತದೆ. ಆದರೆ ಅಂಗಾಂಶದಲ್ಲಿ ಹೆಚ್ಚುವರಿ ಗ್ರಾಹಕಗಳಿದ್ದರೆ, ಕೆಲವು ಕೆಟ್ಟರೂ ಉಳಿದವೇ ಪೂರ್ಣ ಪರಿಣಾಮ ಕೊಡುತ್ತವೆ. ಮೊದಲ ಸಣ್ಣ ಪ್ರಮಾಣಕ್ಕೆ ಗೆರೆ ಬಲಕ್ಕಷ್ಟೇ ಸರಿದು, ಥೇಟ್ ಮೆಪಿರಮಿನ್‌ನಂತೆ ಕಾಣುತ್ತದೆ. ವ್ಯತ್ಯಾಸ ತಿಳಿಯಬೇಕಾದರೆ ಆಂಟಗೊನಿಸ್ಟ್ ಹೆಚ್ಚಿಸಿ ಮೂರನೆಯ, ನಾಲ್ಕನೆಯ ಗೆರೆ ಎಳೆಯಬೇಕು. ಎತ್ತರ ಕುಸಿಯುವುದು ಅಲ್ಲಿ.