ಕ್ವಾಲಿಫೈಡ್ ಎಂದರೆ ಅರ್ಹ ಅಲ್ಲ

ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ಒಮ್ಮೆ ಲೆಕ್ಕಪರಿಶೋಧಕರ ವರದಿಯೊಂದರ ಅಭಿಪ್ರಾಯದ ಪ್ಯಾರಾವನ್ನು ಕನ್ನಡಕ್ಕೆ ತರಲು ಕೊಟ್ಟಿದ್ದೆ. ಅದರ ತಲೆಬರಹ 'ಕ್ವಾಲಿಫೈಡ್ ಒಪಿನಿಯನ್' ಎಂದಿತ್ತು. ಹೆಚ್ಚಿನವರು 'ಅರ್ಹ ಅಭಿಪ್ರಾಯ' ಎಂದು ಬರೆದರು. "ಅರ್ಹತೆ ಇರೋರು ಕೊಟ್ಟ ಅಭಿಪ್ರಾಯ ಅಂತ ಅಲ್ವಾ ಸರ್?" ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ನಿಘಂಟು ನೋಡಿದರೆ ಅವಳ ಉತ್ತರ ತಪ್ಪಲ್ಲ. ಆದರೆ ಆಡಿಟ್ ವರದಿಯಲ್ಲಿ ಆ ಪದಕ್ಕೆ ಹೆಚ್ಚುಕಡಿಮೆ ಉಲ್ಟಾ ಅರ್ಥ: ಲೆಕ್ಕದಲ್ಲಿ ಒಂದು ಕಡೆ ತೊಡಕಿದೆ, ಅದನ್ನು ಬಿಟ್ಟು ಉಳಿದದ್ದಕ್ಕೆ ಮಾತ್ರ ನನ್ನ ಒಪ್ಪಿಗೆ ಎಂದು ಪರಿಶೋಧಕರು ಹೇಳುತ್ತಿದ್ದಾರೆ. 'ಅರ್ಹ' ಎಂದು ಓದಿದವರು ಅದನ್ನು ಹೊಗಳಿಕೆ ಎಂದುಕೊಂಡು ಮುಂದಿನ ಪುಟಕ್ಕೆ ಹೋಗುತ್ತಾರೆ.

ಇದು ನಮ್ಮ ಕಡೆ ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಕ್ಯಾಲನೂರಿನ ಸುತ್ತಮುತ್ತ ಎಷ್ಟೋ ಮನೆಗಳು ಹಾಲಿನ ಡೈರಿಯ ಸದಸ್ಯರು. ಕರ್ನಾಟಕ ಸಹಕಾರ ಸಂಘಗಳ ಅಧಿನಿಯಮ, 1959ರ 63ನೇ ಪ್ರಕರಣದ ಪ್ರಕಾರ ಸಂಘದ ಲೆಕ್ಕ ಪರಿಶೋಧನೆ ಆಗಲೇಬೇಕು, ವರದಿ ಸರ್ವಸದಸ್ಯರ ಸಭೆಗೆ ಬರುತ್ತದೆ. ಚಾರ್ಟರ್ಡ್ ಅಕೌಂಟೆಂಟ್ ಇಂಗ್ಲಿಷ್‌ನಲ್ಲಿ ಬರೆದದ್ದನ್ನು ಸಭೆಯ ಪುಸ್ತಕಕ್ಕಾಗಿ ಕನ್ನಡ ಮಾಡಿಕೊಡಿ ಎಂದು ಕಾರ್ಯದರ್ಶಿ ಊರಿನ ಓದಿದ ಹುಡುಗರನ್ನೇ ಕೇಳುವುದುಂಟು. ನಾಳೆ ಆ ಹುಡುಗ ಅಥವಾ ಹುಡುಗಿ ನೀವೇ ಆಗಬಹುದು.

ಒಂದು ಕಲ್ಪಿತ ಸಂಘ ತೆಗೆದುಕೊಳ್ಳೋಣ. 2024ರ ಮಾರ್ಚ್ 31ಕ್ಕೆ ಅದರ ಒಟ್ಟು ಆಸ್ತಿ 40 ಲಕ್ಷ ರೂಪಾಯಿ. ಅದರಲ್ಲಿ 5 ಲಕ್ಷ ಪಶು ಆಹಾರದ ದಾಸ್ತಾನು. ಪರಿಶೋಧಕರ ನೇಮಕ ಆದದ್ದು ಮೇ ತಿಂಗಳಲ್ಲಿ. ಹಾಗಾಗಿ ಮಾರ್ಚ್ 31ರಂದು ಮೂಟೆ ಎಣಿಸುವಾಗ ಅವರು ಇರಲಿಲ್ಲ. ಆಮೇಲೆ ಎಣಿಸಿ, ನಡುವೆ ಬಂದದ್ದನ್ನು ಕಳೆದು, ಮಾರಿದ್ದನ್ನು ಕೂಡಿಸಿ ಹಿಂದಕ್ಕೆ ಲೆಕ್ಕ ಹಾಕಬಹುದಿತ್ತು. ಆದರೆ ಸಂಘದ ದಾಸ್ತಾನು ಪುಸ್ತಕ ಸರಿಯಾಗಿ ಬರೆದಿಲ್ಲ. 5 ಲಕ್ಷ ಸರಿಯೋ ತಪ್ಪೋ ಹೇಳಲು ಅವರಿಗೆ ಪುರಾವೆ ಸಿಗಲಿಲ್ಲ. ಉಳಿದ ಲೆಕ್ಕವೆಲ್ಲ ಸರಿ ಇದೆ.

ಭಾರತದ ಲೆಕ್ಕಪರಿಶೋಧನಾ ಮಾನದಂಡ 705 ಇಲ್ಲಿ ಎರಡು ಪ್ರಶ್ನೆ ಕೇಳುತ್ತದೆ. ತೊಡಕು ಓದುಗರ ತೀರ್ಮಾನ ಬದಲಿಸುವಷ್ಟು ದೊಡ್ಡದೇ? ಹೌದು, ಎಂಟನೇ ಒಂದು ಪಾಲು ಚಿಕ್ಕದಲ್ಲ. ಅದು ಇಡೀ ಲೆಕ್ಕಕ್ಕೆ ಹರಡಿದೆಯೇ? ಇಲ್ಲ, ದಾಸ್ತಾನಿಗೂ ಅದರಿಂದ ಲಾಭದ ಅಂಕಿಗೂ ಸೀಮಿತ. ದೊಡ್ಡದು, ಆದರೆ ಹರಡಿಲ್ಲ ಎಂದಾಗ ಬರುವುದೇ ಈ ಕ್ವಾಲಿಫೈಡ್ ಅಭಿಪ್ರಾಯ. ಇದನ್ನು ನಾನು 'ಆಕ್ಷೇಪಸಹಿತ ಅಭಿಪ್ರಾಯ' ಎನ್ನುತ್ತೇನೆ. ಕಚೇರಿ ಕನ್ನಡದ 'ಷರಾ' ಎಂಬ ಪದವೂ ಮನಸ್ಸಿಗೆ ಬಂದಿತ್ತು. ಆದರೆ ಷರಾ ಎಂದರೆ ಯಾವ ಟಿಪ್ಪಣಿಯೂ ಆಗಬಹುದು. ಅಭಿಪ್ರಾಯ ಬದಲಿಸದೆ ಬರೀ ಗಮನ ಸೆಳೆಯುವ ಪ್ಯಾರಾವೂ ವರದಿಯಲ್ಲಿ ಬೇರೆಯಾಗಿ ಇರುತ್ತದೆ, ಎರಡೂ ಕಲಸಿಹೋಗುತ್ತವೆ.

ಈಗ ವಾಕ್ಯಕ್ಕೆ ಬರೋಣ. ನನ್ನ ಕನ್ನಡ ರೂಪ ಇದು:

"ನಮ್ಮ ಅಭಿಪ್ರಾಯದಲ್ಲಿ, ನಮಗೆ ದೊರೆತ ಮಾಹಿತಿಯ ಮಟ್ಟಿಗೆ ಹಾಗೂ ನಮಗೆ ನೀಡಿದ ವಿವರಣೆಗಳ ಪ್ರಕಾರ, 'ಆಕ್ಷೇಪಸಹಿತ ಅಭಿಪ್ರಾಯಕ್ಕೆ ಆಧಾರ' ಎಂಬ ಭಾಗದಲ್ಲಿ ವಿವರಿಸಿದ ವಿಷಯದಿಂದ ಆಗಿರಬಹುದಾದ ಪರಿಣಾಮಗಳನ್ನು ಹೊರತುಪಡಿಸಿ, ಈ ಹಣಕಾಸು ತಖ್ತೆಗಳು 2024ರ ಮಾರ್ಚ್ 31ರಂದು ಸಂಘವಿದ್ದ ಸ್ಥಿತಿಗತಿಯ ಮತ್ತು ಅಂದಿಗೆ ಮುಗಿದ ವರ್ಷದ ಲಾಭದ ನೈಜ ಹಾಗೂ ನ್ಯಾಯೋಚಿತ ಚಿತ್ರಣವನ್ನು ನೀಡುತ್ತವೆ."

ಓದಲು ಉದ್ದವಾಯಿತು, ಒಪ್ಪುತ್ತೇನೆ. ಆದರೆ ಕತ್ತರಿ ಹಾಕಲು ಜಾಗ ಇಲ್ಲ.

ತಪ್ಪು ಹೆಚ್ಚು ಆಗುವುದು 'ಹೊರತುಪಡಿಸಿ' ಎಂಬಲ್ಲಿ. ಇಂಗ್ಲಿಷ್‌ನಲ್ಲಿ ಅಲ್ಲಿರುವುದು 'ಎಕ್ಸೆಪ್ಟ್ ಫಾರ್'. ತರಗತಿಯಲ್ಲಿ ಹಲವರು 'ಆ ವಿಷಯಕ್ಕೆ ಒಳಪಟ್ಟು' ಎಂದು ಬರೆದಿದ್ದರು. ಸರ್ಕಾರಿ ಆದೇಶ ಓದಿದ ಕಿವಿಗೆ ಅದು ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ಅದು 'ಸಬ್ಜೆಕ್ಟ್ ಟು' ಎಂಬುದರ ಕನ್ನಡ. ನಮ್ಮ ದೇಶದ ಹಳೆಯ ವರದಿಗಳಲ್ಲಿ ಆ ಮಾತೇ ಇರುತ್ತಿತ್ತು. ಈಗಿನ ಮಾನದಂಡ 705 ಅದನ್ನು ಹೆಸರು ಹಿಡಿದು ಬೇಡ ಎನ್ನುತ್ತದೆ, ಅದು ಸ್ಪಷ್ಟವೂ ಅಲ್ಲ, ಗಟ್ಟಿಯೂ ಅಲ್ಲ ಎಂಬುದು ಕಾರಣ. 'ಒಳಪಟ್ಟು' ಎಂದರೆ ಷರತ್ತು: ಅದೊಂದು ಪೂರೈಸಿದರೆ ಎಲ್ಲ ಸರಿಹೋಗುತ್ತದೆ ಎಂಬ ಭಾವನೆ ಬರುತ್ತದೆ. 'ಹೊರತುಪಡಿಸಿ' ಎಂದರೆ ಆ 5 ಲಕ್ಷದ ಮಟ್ಟಿಗೆ ನನ್ನ ಒಪ್ಪಿಗೆ ಇಲ್ಲ ಎಂದು ಗೆರೆ ಎಳೆದ ಹಾಗೆ. ಇಂಗ್ಲಿಷ್‌ನಲ್ಲಿ ಕೈಬಿಟ್ಟ ಮಾತನ್ನು ಅನುವಾದಕರು ಕನ್ನಡದಲ್ಲಿ ಮತ್ತೆ ತಂದು ಕೂರಿಸಬಾರದು.

ಅದರ ಹಿಂದಿನ 'ಆಗಿರಬಹುದಾದ' ಎಂಬ ಒಂದು ಪದವನ್ನು ನೋಡಿ. ಭಾಷೆ ಸರಳವಾಗಲಿ ಎಂದು ಇದನ್ನು ತೆಗೆದುಬಿಡುತ್ತಾರೆ. ಪರಿಶೋಧಕರು ಮೂಟೆ ಎಣಿಸಿ, 5 ಲಕ್ಷದ ಬದಲು 3 ಲಕ್ಷದ ಮಾಲು ಮಾತ್ರ ಇದೆ ಎಂದು ಕಂಡಿದ್ದರೆ, ಅದು ಸಿಕ್ಕ ತಪ್ಪು. ಆಗ ಬರೀ 'ಪರಿಣಾಮಗಳನ್ನು ಹೊರತುಪಡಿಸಿ' ಎಂದು ಬರೆಯುತ್ತಾರೆ. ನಮ್ಮ ಉದಾಹರಣೆಯಲ್ಲಿ ಸಿಕ್ಕಿದ್ದು ತಪ್ಪಲ್ಲ, ಸಿಗದೇ ಹೋದದ್ದು ಪುರಾವೆ. ಅದಕ್ಕೇ 'ಆಗಿರಬಹುದಾದ'. ಆ ಪದ ಬಿದ್ದುಹೋದರೆ, ಮೂಟೆ ಕಾಣೆಯಾಗಿದೆ ಎಂದು ಪರಿಶೋಧಕರೇ ಹೇಳಿದರು ಎಂದು ಸಭೆ ಓದುತ್ತದೆ. ಪುಸ್ತಕ ಸರಿಯಾಗಿ ಬರೆಯದ ಕಾರ್ಯದರ್ಶಿ ಕಳ್ಳನಾಗುತ್ತಾನೆ. ಸರಿಯಾಗಿ ಅನುವಾದವಾಗಿದೆಯೇ ಎಂದು ನೋಡಲು ಸುಲಭದ ದಾರಿ ಇದೆ. 'ಆಧಾರ' ಎಂಬ ಭಾಗ ಓದಿ: ಅಲ್ಲಿ ಇಷ್ಟು ರೂಪಾಯಿ ಹೆಚ್ಚು ತೋರಿಸಿದ್ದಾರೆ ಎಂದಿದ್ದರೆ 'ಪರಿಣಾಮ', ಪುರಾವೆ ಪಡೆಯಲಾಗಲಿಲ್ಲ ಎಂದಿದ್ದರೆ 'ಆಗಿರಬಹುದಾದ ಪರಿಣಾಮ'.

ಇನ್ನು ವಾಕ್ಯದ ಕೊನೆ. 'ಟ್ರೂ ಅಂಡ್ ಫೇರ್' ಎಂಬುದನ್ನು 'ಸತ್ಯ ಮತ್ತು ನಿಖರ' ಎಂದು ಬರೆಯುವವರಿದ್ದಾರೆ. ಇದರ ಹಿಂದೆ ಸ್ವಲ್ಪ ಇತಿಹಾಸವಿದೆ. 1913ರ ಭಾರತೀಯ ಕಂಪನಿಗಳ ಕಾಯ್ದೆಯಲ್ಲಿ 'ಟ್ರೂ ಅಂಡ್ ಕರೆಕ್ಟ್' ಎಂದೇ ಇತ್ತು. 1956ರ ಕಾಯ್ದೆ 'ಕರೆಕ್ಟ್' ತೆಗೆದು 'ಫೇರ್' ಹಾಕಿತು. ಲೆಕ್ಕದಲ್ಲಿ ಅಂದಾಜುಗಳಿರುತ್ತವೆ: ಹಾಲು ತಂಪು ಮಾಡುವ ಯಂತ್ರ ಎಷ್ಟು ವರ್ಷ ಬಾಳುತ್ತದೆ, ಯಾವ ಸಾಲ ವಾಪಸ್ ಬರುತ್ತದೆ ಎಂಬುದನ್ನು ಪೈಸೆ ಲೆಕ್ಕದಲ್ಲಿ ನಿಖರ ಎನ್ನಲು ಆಗದು. 'ನಿಖರ' ಎಂದು ಬರೆದರೆ, ಪರಿಶೋಧಕರು ಕೊಡದ ಭರವಸೆಯನ್ನು ನಾವು ಅವರ ಬಾಯಲ್ಲಿ ಇಟ್ಟಂತೆ. 'ನಮ್ಮ ಅಭಿಪ್ರಾಯದಲ್ಲಿ' ಎಂಬುದನ್ನು 'ಪ್ರಮಾಣೀಕರಿಸುತ್ತೇವೆ' ಎಂದು ಮಾಡುವುದೂ ಇದೇ ಜಾತಿಯ ತಪ್ಪು. ಪ್ರಮಾಣಪತ್ರ ಬೇರೆ, ವರದಿ ಬೇರೆ.

ಪುರಾವೆ ಇಲ್ಲದ ತೊಡಕು ದಾಸ್ತಾನಿಗೆ ನಿಲ್ಲದೆ ಇಡೀ ಲೆಕ್ಕಕ್ಕೆ ಹರಡಿದ್ದರೆ, ಉದಾಹರಣೆಗೆ ನಗದು ಪುಸ್ತಕವೂ ರಸೀದಿಗಳೂ ಮಳೆಗೆ ಕೊಚ್ಚಿಹೋಗಿದ್ದರೆ, ಪರಿಶೋಧಕರು 'ಡಿಸ್‌ಕ್ಲೈಮರ್' ಕೊಡುತ್ತಾರೆ. ಅದರ ಅರ್ಥ 'ನಾವು ಅಭಿಪ್ರಾಯ ವ್ಯಕ್ತಪಡಿಸುವುದಿಲ್ಲ' ಎಂದು ಮಾತ್ರ. 'ಲೆಕ್ಕವನ್ನು ತಿರಸ್ಕರಿಸಿದ್ದೇವೆ' ಎಂದು ಬರೆದರೆ ಅದು ಪ್ರತಿಕೂಲ ಅಭಿಪ್ರಾಯವಾಗುತ್ತದೆ. ಅದಕ್ಕೆ ಸಾಕಷ್ಟು ಪುರಾವೆ ಸಿಕ್ಕು, ಲೆಕ್ಕ ಒಟ್ಟಾರೆ ದಾರಿ ತಪ್ಪಿಸುತ್ತದೆ ಎಂದು ತೀರ್ಮಾನಿಸಿರಬೇಕು.

ಕೊನೆಯದಾಗಿ ಸಹಿಯ ವಿಷಯ. ಪರಿಶೋಧಕರು ಸಹಿ ಮಾಡಿದ್ದು ಇಂಗ್ಲಿಷ್ ವರದಿಗೆ. ಕನ್ನಡ ಪುಟದ ಕೆಳಗೆ ಅವರ ಹೆಸರು, ಮುದ್ರೆ ಅಚ್ಚು ಹಾಕುವ ಮೊದಲು ಅವರಿಗೆ ತೋರಿಸಬೇಕು. ತೋರಿಸಲು ಆಗದಿದ್ದರೆ ಮೇಲ್ಗಡೆ 'ಇಂಗ್ಲಿಷ್ ಮೂಲದ ಅನುವಾದ' ಎಂದು ಬರೆದು, ಮೂಲ ಪುಟವನ್ನೂ ಪಕ್ಕದಲ್ಲೇ ಅಚ್ಚು ಹಾಕಿಸಿ.