ಷೇರು ಮರುಖರೀದಿ: ಉಳಿದವರಿಗೆ ಸಿಗುವುದೇನು?

ಕಂಪನಿಯೊಂದು ತನ್ನಲ್ಲಿರುವ ನಗದಿನಿಂದ ತನ್ನದೇ ಷೇರುಗಳನ್ನು ಕೊಂಡು ರದ್ದು ಮಾಡುವುದೇ ಷೇರು ಮರುಖರೀದಿ. ಪೇಟೆಯ ಮಾತಿನಲ್ಲಿ ಬೈಬ್ಯಾಕ್. ರದ್ದಾದ ಷೇರಿಗೆ ಲಾಭಾಂಶವೂ ಇಲ್ಲ, ಮತವೂ ಇಲ್ಲ. ಕಂಪನಿಯ ಒಡೆತನ ಉಳಿದ ಷೇರುಗಳ ನಡುವೆಯೇ ಹಂಚಿಹೋಗುತ್ತದೆ.

ಬೆಂಗಳೂರಿನ ಇನ್ಫೊಸಿಸ್ 2025ರ ಸೆಪ್ಟೆಂಬರ್‌ನಲ್ಲಿ 10 ಕೋಟಿ ಷೇರುಗಳನ್ನು ತಲಾ 1,800 ರೂಪಾಯಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಒಟ್ಟು ವೆಚ್ಚ 18,000 ಕೋಟಿ ರೂಪಾಯಿ. ಆಗ ಅದರ ಷೇರುಗಳು ಸುಮಾರು 415 ಕೋಟಿ; ರದ್ದಾಗಲಿದ್ದದ್ದು ಶೇ 2.41ರಷ್ಟು.

ಒಡೆತನದ ಲೆಕ್ಕ ಸರಳ. ಒಂದೂ ಷೇರು ಮಾರದೆ ಉಳಿದವರ ಪಾಲು, ಎಷ್ಟಿತ್ತೋ ಅದರ ಸುಮಾರು ಶೇ 2.5ರಷ್ಟು ಹಿಗ್ಗುತ್ತದೆ. ಶೇ 1 ಇದ್ದದ್ದು ಶೇ 1.025ರ ಹತ್ತಿರ ಬರುತ್ತದೆ. ಈ ಮರುಖರೀದಿಯಲ್ಲಿ ಪ್ರವರ್ತಕರು ಷೇರು ಮಾರದಿರಲು ನಿರ್ಧರಿಸಿದ್ದರಿಂದ, ಒಂದು ಷೇರನ್ನೂ ಹೊಸದಾಗಿ ಕೊಳ್ಳದೆಯೇ ಅವರ ಪಾಲು ಏರುವಂತಾಯಿತು. ಎಲ್ಲರೂ ತಮ್ಮ ಪಾಲಿಗೆ ತಕ್ಕಷ್ಟೇ ಮಾರಿದ್ದರೆ ಯಾರ ಶೇಕಡಾವಾರು ಪಾಲೂ ಬದಲಾಗುತ್ತಿರಲಿಲ್ಲ. ಆದರೆ ಪಾಲು ಹಿಗ್ಗಿದ್ದು 18,000 ಕೋಟಿ ನಗದು ಕಳೆದುಕೊಂಡ ಕಂಪನಿಯಲ್ಲಿ ಎಂಬುದನ್ನು ಮರೆಯಬಾರದು.

ಪ್ರತಿ ಷೇರಿನ ಗಳಿಕೆಯ ಲೆಕ್ಕದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ನಿವ್ವಳ ಲಾಭವನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಸಿಗುವುದು ಈ ಗಳಿಕೆ. 2024–25ರಲ್ಲಿ ಇನ್ಫೊಸಿಸ್‌ನ ನಿವ್ವಳ ಲಾಭ ಸುಮಾರು 26,700 ಕೋಟಿ. ಷೇರಿಗೆ ಬಂದದ್ದು 64 ರೂಪಾಯಿಯ ಆಸುಪಾಸು. ಲಾಭ ಹಾಗೆಯೇ ಇದ್ದು ಷೇರುಗಳು 405 ಕೋಟಿಗೆ ಇಳಿದರೆ ಅದು 66 ರೂಪಾಯಿಯ ಹತ್ತಿರ ಹೋಗುತ್ತದೆ. ಆದರೆ ಲಾಭ ಹಾಗೆಯೇ ಇರುವುದಿಲ್ಲ. ಆ 18,000 ಕೋಟಿ ಬ್ಯಾಂಕಿನಲ್ಲಿದ್ದು ಶೇ 7ರ ಬಡ್ಡಿ ತರುತ್ತಿತ್ತು, ಅದರ ಕಾಲು ಭಾಗ ತೆರಿಗೆಗೆ ಹೋಗುತ್ತಿತ್ತು ಎಂದು ಭಾವಿಸಿದರೆ, ವರ್ಷಕ್ಕೆ ಸುಮಾರು 945 ಕೋಟಿ ಲಾಭ ತಪ್ಪುತ್ತದೆ. ಆಗ ಷೇರಿನ ಗಳಿಕೆ ಸುಮಾರು 63.6 ರೂಪಾಯಿ, ಅಂದರೆ ಮೊದಲಿಗಿಂತ ತುಸು ಕಡಿಮೆ!

ಕಾರಣ ಖರೀದಿಯ ಬೆಲೆ. 1,800 ರೂಪಾಯಿ ಕೊಟ್ಟು 64 ರೂಪಾಯಿ ಗಳಿಕೆಯ ಷೇರನ್ನು ರದ್ದು ಮಾಡಿದರೆ ಸಿಗುವ ಪ್ರತಿಫಲ ಶೇ 3.6ರಷ್ಟು ಮಾತ್ರ. ತೆರಿಗೆ ಕಳೆದ ಬಡ್ಡಿ ಅದಕ್ಕಿಂತ ಹೆಚ್ಚಿದ್ದರೆ ಷೇರಿನ ಗಳಿಕೆ ಕುಗ್ಗುತ್ತದೆ, ಕಡಿಮೆಯಿದ್ದರೆ ಹಿಗ್ಗುತ್ತದೆ. ಸಾಲ ಮಾಡಿ ಕೊಂಡರೂ ಇದೇ ಲೆಕ್ಕ. ಬಡ್ಡಿ ಬರುವ ಬದಲು ಕಟ್ಟಬೇಕಾಗುತ್ತದೆ, ಅಷ್ಟೆ.

ಆದ್ದರಿಂದ ಪ್ರತಿ ಷೇರಿನ ಗಳಿಕೆ ಏರಿತೆಂದು ಕಂಡಾಗ ಪಕ್ಕದ ನಿವ್ವಳ ಲಾಭವನ್ನೂ ಓದಬೇಕು. ಲಾಭ ನಿಂತಲ್ಲೇ ನಿಂತು ಗಳಿಕೆ ಮಾತ್ರ ಏರಿದ್ದರೆ ವ್ಯವಹಾರ ಬೆಳೆದಿಲ್ಲ, ಷೇರುಗಳು ಕಡಿಮೆಯಾಗಿವೆ. ನೌಕರರಿಗೆ ಹೊಸ ಷೇರು ಕೊಡುವ ಕಂಪನಿಗಳಲ್ಲಿ ಷೇರುಗಳ ಒಟ್ಟು ಸಂಖ್ಯೆ ನಿಜವಾಗಿ ಇಳಿದಿದೆಯೇ ಎಂದೂ ನೋಡಬೇಕು. ಒಂದು ಕೈಯಿಂದ ಕೊಂಡದ್ದನ್ನು ಇನ್ನೊಂದು ಕೈಯಿಂದ ಕೊಟ್ಟಿದ್ದರೆ ಉಳಿದವರ ಪಾಲು ಹೆಚ್ಚಿರುವುದಿಲ್ಲ.