ಹನ್ನೆರಡನೇ ಪುಟದಲ್ಲಿ ನಿಂತ ಕೈಪಿಡಿ

ಪಂಪ್‌ಸೆಟ್ ಕೈಪಿಡಿಯೊಂದು ಕನ್ನಡ ಅನುವಾದಕ್ಕೆ ಬಂದಿತ್ತು. ಅಭ್ಯಾಸದಂತೆ ಮೊದಲು ಕೊನೆಯ ಪುಟ ತೆರೆದೆ. ಅಡಿಯಲ್ಲಿ ‘24ರಲ್ಲಿ 12’ ಎಂದಿತ್ತು, ವಾಕ್ಯ ಅರ್ಧಕ್ಕೇ ತುಂಡಾಗಿತ್ತು. ಪರಿವಿಡಿಯಲ್ಲಿ ಎಂಟು ಅಧ್ಯಾಯ, ಕೈಯಲ್ಲಿದ್ದದ್ದು ನಾಲ್ಕು. ಕೂಡಲೇ ಬರೆದೆ:

“ವಿಷಯ: ಪಂಪ್‌ಸೆಟ್ ಕೈಪಿಡಿ – 13ರಿಂದ 24ನೇ ಪುಟ ಬಂದಿಲ್ಲ

ನಮಸ್ಕಾರ ಮೇಡಂ,
ಸೋಮವಾರ ನೀವು ಕಳಿಸಿದ ಫೈಲ್ ತಲುಪಿದೆ. ಅದು 12ನೇ ಪುಟದಲ್ಲಿ ‘ಮೋಟಾರ್ ಚಾಲೂ ಮಾಡುವ ಮೊದಲು’ ಎಂಬಲ್ಲಿಗೆ ನಿಂತಿದೆ. ಉಳಿದ ಭಾಗ ದಯವಿಟ್ಟು ಕಳಿಸಿ. ಬುಧವಾರದೊಳಗೆ ಸಿಕ್ಕರೆ ಶುಕ್ರವಾರಕ್ಕೇ ಪೂರ್ತಿ ಕೊಡುತ್ತೇನೆ. ತಡವಾದರೆ ಅಷ್ಟು ದಿನ ನನ್ನ ಗಡುವೂ ಮುಂದಕ್ಕೆ ಹೋಗುತ್ತದೆ. ಮೊದಲರ್ಧ ಈಗಲೇ ಶುರು ಮಾಡಿದ್ದೇನೆ. ನಿಮಗೆ ಬೇಕಿರುವುದು 12 ಪುಟವಷ್ಟೇ ಆದರೆ ತಿಳಿಸಿ, ದರ ತಿದ್ದಿ ಕಳಿಸುತ್ತೇನೆ.”

ನಿಂತ ಜಾಗದ ಮಾತುಗಳನ್ನೇ ಬರೆದದ್ದಕ್ಕೆ ಕಾರಣವಿದೆ. ಕಳಿಸಿದವರ ಕಂಪ್ಯೂಟರಿನಲ್ಲಿ ಫೈಲ್ ಪೂರ್ತಿಯೇ ಇರುತ್ತದೆ. ‘ಅರ್ಧ ಬಂದಿಲ್ಲ’ ಎಂದರೆ ಅವರು ಅದನ್ನೇ ಇನ್ನೊಮ್ಮೆ ಕಳಿಸಬಹುದು. ಎಷ್ಟೋ ಸಲ ಕೈಪಿಡಿ ಎರಡು ಫೈಲುಗಳಲ್ಲಿದ್ದು, ಒಂದನ್ನು ಲಗತ್ತಿಸುವುದೇ ಮರೆತಿರುತ್ತಾರೆ. ಜಿಮೇಲ್‌ನಲ್ಲಿ ಲಗತ್ತಿನ ಮಿತಿ 25 ಎಂಬಿ, ಚಿತ್ರ ತುಂಬಿದ ಕೈಪಿಡಿಯನ್ನು ಒಡೆದು ಕಳಿಸುವುದು ಅದಕ್ಕೇ.

ಮೊದಲರ್ಧ ಮುಗಿಸಿ ಆಮೇಲೆ ಕೇಳಿದರಾಯಿತು ಎನ್ನುವಂತಿಲ್ಲ. ಬಿಡಿಭಾಗಗಳ ಪಟ್ಟಿ ಕೊನೆಯಲ್ಲಿತ್ತು. ಎರಡನೇ ಪುಟದಲ್ಲಿ ‘ಕವಾಟ’ ಎಂದು ಬರೆದು, ಪಟ್ಟಿಯಲ್ಲಿ ‘ವಾಲ್ವ್’ ಎಂದರೆ ರೈತ ಅವೆರಡು ಬೇರೆ ಬೇರೆ ಎಂದುಕೊಂಡಾನು.